ಯಾರು ಹೇಳಿದ್ದು, ಯಾರ ಮುಂದೆ, ಯಾತಕ್ಕೆ

ಸಾಕ್ಷಿಕಟ್ಟೆಗೆ ಬಂದವನು ತನ್ನ ಕಣ್ಣಿಗೆ ಬಿದ್ದದ್ದನ್ನು, ತನ್ನ ಕಿವಿಗೆ ಕೇಳಿದ್ದನ್ನು ಹೇಳಬೇಕೇ ಹೊರತು ಇನ್ನೊಬ್ಬ ಕಂಡದ್ದನ್ನು ಅವನ ಪರವಾಗಿ ಹೇಳುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 55ನೇ ಸೆಕ್ಷನ್ ಇದನ್ನು ವಿಧಿಸುತ್ತದೆ. ಕಂಡ ಸಂಗತಿಯಾದರೆ ಕಂಡವನೇ ಬರಬೇಕು, ಕೇಳಿದ ಸಂಗತಿಯಾದರೆ ಕೇಳಿದವನೇ ಬರಬೇಕು. ವಕೀಲರು ‘ಹಿಯರ್‌ಸೇ’ ಎಂದು ಕರೆಯುವ ಕೇಳಿಕೆಯ ಸಾಕ್ಷ್ಯ ನಮ್ಮಲ್ಲಿ ನಿಲ್ಲದಿರುವುದು ಈ ಸೆಕ್ಷನ್ನಿನಿಂದಲೇ. ಆ ಹೆಸರು ಮಾತ್ರ 1872ರ ಹಳೆಯ ಕಾಯ್ದೆಯಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಹೊಸ ಅಧಿನಿಯಮ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೆ ಮೊದಲೇ ಬಾಕಿಯಿದ್ದ ವಿಚಾರಣೆಗಳು ಹಳೆಯ ಕಾಯ್ದೆಯಂತೆಯೇ ನಡೆಯುವುದರಿಂದ ಸದ್ಯಕ್ಕೆ ಎರಡೂ ಸಂಖ್ಯೆಗಳನ್ನು ತಿಳಿದಿರಬೇಕಾಗುತ್ತದೆ.

ಕೇಳಿಕೆಯ ಮಾತನ್ನು ದೂರವಿಡುವುದಕ್ಕೆ ಕಾರಣ ಸರಳ. ಮೂಲದಲ್ಲಿ ಮಾತಾಡಿದವನು ಪ್ರಮಾಣ ಮಾಡಿಲ್ಲ, ಅವನನ್ನು ಪಾಟೀ ಸವಾಲಿಗೆ ಒಳಪಡಿಸಲು ಆಗುವುದಿಲ್ಲ. ‘ರಾಮಣ್ಣನೇ ಹೊಡೆದದ್ದು ಅಂತ ಸೀನ ಹೇಳಿದ’ ಎಂದು ಗೋಪಾಲ ನುಡಿದರೆ ಎದುರು ವಕೀಲರು ಗೋಪಾಲನನ್ನು ಎಷ್ಟೇ ಕೆದಕಿದರೂ ಸೀನನಿಗೆ ಆ ಹೊತ್ತಿನಲ್ಲಿ ಬೆಳಕು ಸಾಕಷ್ಟಿತ್ತೇ, ರಾಮಣ್ಣನ ಮೇಲೆ ಹಳೆಯ ದ್ವೇಷವಿತ್ತೇ ಎಂಬುದು ಹೊರಬೀಳುವುದಿಲ್ಲ.

ಹಾಗೆಂದು ಇನ್ನೊಬ್ಬರ ಮಾತನ್ನು ಉಲ್ಲೇಖಿಸಿದ್ದೆಲ್ಲ ಕೇಳಿಕೆಯ ಸಾಕ್ಷ್ಯವಲ್ಲ. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲೇ. ಆ ಮಾತನ್ನು ಯಾತಕ್ಕಾಗಿ ಸಾಬೀತು ಮಾಡಲಾಗುತ್ತಿದೆ ಎಂಬುದನ್ನು ನೋಡಬೇಕು. ಮಾತಿನಲ್ಲಿರುವ ಸಂಗತಿ ನಿಜ ಎಂದು ತೋರಿಸಲು ತಂದರೆ ಅದು ಕೇಳಿಕೆ. ಅಂಥ ಮಾತು ಆಡಲ್ಪಟ್ಟಿತು ಎಂದಷ್ಟೇ ತೋರಿಸಲು ತಂದರೆ ಕೇಳಿಕೆಯಲ್ಲ. 1956ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಮಲಯಾದ ಸುಬ್ರಮಣಿಯಂ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. ಮದ್ದುಗುಂಡು ಇಟ್ಟುಕೊಂಡ ಆರೋಪ ಹೊತ್ತವನು, ಭಯೋತ್ಪಾದಕರು ಬೆದರಿಸಿದ್ದರಿಂದ ಹಾಗೆ ಮಾಡಿದೆ ಎಂದ. ಅವರು ಏನೆಂದು ಬೆದರಿಸಿದರು ಎಂದು ಹೇಳಲು ಹೊರಟಾಗ ಕೆಳ ನ್ಯಾಯಾಲಯ ಅದು ಕೇಳಿಕೆಯ ಮಾತೆಂದು ತಡೆಯಿತು. ಪ್ರಿವಿ ಕೌನ್ಸಿಲ್ ಆ ತಡೆಯನ್ನು ತಪ್ಪೆಂದಿತು. ಬೆದರಿಕೆ ಹಾಕಿದವರು ಅದನ್ನು ನಿಜವಾಗಿ ನಡೆಸುವವರಿದ್ದರೋ ಇಲ್ಲವೋ, ಕೇಳಿದವನ ಎದೆಯಲ್ಲಿ ಭಯ ಹುಟ್ಟಿಸಲು ಆ ಮಾತು ಸಾಕಿತ್ತೇ ಎಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು.

ಕೇಳಿಕೆಯ ನಿಯಮಕ್ಕೆ ಅಪವಾದಗಳೂ ಇವೆ. ಅವುಗಳಲ್ಲಿ ಪ್ರಶ್ನೆಪತ್ರಿಕೆಗಳಿಗೆ ಅತಿ ಪ್ರಿಯವಾದದ್ದು ಮರಣಪೂರ್ವ ಹೇಳಿಕೆ. ಅದನ್ನು ಅರಿಯಲು, ಜೊತೆಗೆ ಒಪ್ಪಿಗೆ ಮತ್ತು ತಪ್ಪೊಪ್ಪಿಗೆಗಳ ವ್ಯತ್ಯಾಸವನ್ನೂ ತಿಳಿಯಲು, 1939ರ ಪಕಾಲ ನಾರಾಯಣ ಸ್ವಾಮಿ ಮೊಕದ್ದಮೆಯೊಂದನ್ನೇ ನಿಧಾನವಾಗಿ ಓದಿದರೆ ಸಾಕು. 1937ರ ಮಾರ್ಚ್ 23ರಂದು ಪುರಿ ರೈಲು ನಿಲ್ದಾಣದಲ್ಲಿ ಮೂರನೇ ದರ್ಜೆಯ ಬೋಗಿಯೊಳಗೆ ಒಂದು ಉಕ್ಕಿನ ಟ್ರಂಕು ಸಿಕ್ಕಿತು. ಅದರಲ್ಲಿ ತುಂಡುತುಂಡಾದ ಶವವಿತ್ತು. ಸತ್ತವನು ಪಿಠಾಪುರದ ದಿವಾನರಲ್ಲಿ ಜವಾನನಾಗಿದ್ದವನು. ಆರೋಪಿಯ ಹೆಂಡತಿ ಹಿಂದಿನ ವರ್ಷ ಅವನಿಂದ 3000 ರೂಪಾಯಿ ಸಾಲ ಪಡೆದಿದ್ದಳು. ಮನೆ ಬಿಡುವ ಮೊದಲು ಆತ ತನ್ನ ಹೆಂಡತಿಗೆ, ಬಾಕಿ ಹಣ ತೆಗೆದುಕೊಂಡು ಹೋಗಲು ಸ್ವಾಮಿಯ ಹೆಂಡತಿ ಕಾಗದ ಬರೆದಿದ್ದಾಳೆ, ಬೆರ್ಹಾಂಪುರಕ್ಕೆ ಹೋಗಿಬರುತ್ತೇನೆ ಎಂದು ಹೇಳಿದ್ದ. ಅದನ್ನು ನ್ಯಾಯಾಲಯಕ್ಕೆ ತಿಳಿಸಬಲ್ಲವಳು ಆ ವಿಧವೆ ಮಾತ್ರ. ಹೇಳಿದವನು ಟ್ರಂಕಿನಲ್ಲಿದ್ದ.

ಇದು ಮರಣಪೂರ್ವ ಹೇಳಿಕೆಯೇ? ಸಾಯುತ್ತೇನೆಂಬ ಎಣಿಕೆ ಅವನಿಗಿರಲಿಲ್ಲ, ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ, ಹಣ ಬರುತ್ತದೆಂಬ ನಂಬಿಕೆಯಲ್ಲಿ ಹೊರಟಿದ್ದ. ಇಂಗ್ಲಿಷ್ ಕಾನೂನಿನಲ್ಲಾದರೆ ಹೇಳುವವನಿಗೆ ಸಾವು ಖಚಿತವೆಂದು ಗೊತ್ತಿರಬೇಕಿತ್ತು. ಭಾರತದ ಕಾಯ್ದೆ ಆ ಷರತ್ತನ್ನು ಕೈಬಿಟ್ಟಿದೆ. ಹೇಳಿಕೆ ಸಾವಿನ ಕಾರಣಕ್ಕೋ ಸಾವಿನಲ್ಲಿ ಕೊನೆಗೊಂಡ ಘಟನಾವಳಿಯ ಸಂದರ್ಭಗಳಿಗೋ ಸಂಬಂಧಿಸಿದ್ದರೆ ಸಾಕು. ಇದು ಹಳೆಯ ಕಾಯ್ದೆಯಲ್ಲಿ 32(1), ಈಗ 26(ಎ). ಹೀಗಾಗಿ ಹೆಂಡತಿಯ ಸಾಕ್ಷ್ಯವನ್ನು ಪ್ರಿವಿ ಕೌನ್ಸಿಲ್ ಅಂಗೀಕರಿಸಿತು. ಅದಕ್ಕೆ ಒಂದು ಮಿತಿಯನ್ನೂ ಹಾಕಿತು: ಮಾತಿಗೂ ಸಾವಿಗೂ ಹತ್ತಿರದ ನಂಟಿರಬೇಕು. ವರ್ಷಗಳ ಹಿಂದೆ ‘ಅವನಿಂದ ನನಗೆ ಅಪಾಯವಿದೆ’ ಎಂದು ಸುಮ್ಮನೆ ಅಂದದ್ದು ಸಾಲದು.

ಮರಣಪೂರ್ವ ಹೇಳಿಕೆಯ ಬಗ್ಗೆ ಇನ್ನೆರಡು ತಪ್ಪು ಕಲ್ಪನೆಗಳು ಬೇರೂರಿವೆ. ವೈದ್ಯರ ಪ್ರಮಾಣಪತ್ರವಿಲ್ಲದಿದ್ದರೆ ಅದು ಬಿದ್ದುಹೋಗುತ್ತದೆ ಎಂಬುದು ಒಂದು. ಗಾಯಾಳು ಸ್ವಸ್ಥ ಮನಸ್ಸಿನಲ್ಲಿದ್ದನೆಂದು ಬರೆದುಕೊಂಡವರ ಸಾಕ್ಷ್ಯದಿಂದಲೇ ಮನದಟ್ಟಾದರೆ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2002ರ ಲಕ್ಷ್ಮಣ್ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು, ಗಾಯಾಳು ಬದುಕಿ ಉಳಿದರೂ ಅದು ಮರಣಪೂರ್ವ ಹೇಳಿಕೆಯೇ ಎಂಬುದು. ಬದುಕಿದರೆ ಅವನೇ ಬಂದು ಸಾಕ್ಷಿ ಹೇಳಬೇಕು. ಹಿಂದಿನ ಹೇಳಿಕೆ ಆಗ ಅವನ ಮಾತಿಗೆ ಒತ್ತಾಸೆಯಾಗಬಹುದು, ಇಲ್ಲವೇ ಅವನನ್ನು ಅಲ್ಲಗಳೆಯಲು ಬಳಕೆಯಾಗಬಹುದು, ಅಷ್ಟೇ.

ಇನ್ನು ಒಪ್ಪಿಗೆ. ವಾದಗ್ರಸ್ತ ಸಂಗತಿಯ ಬಗ್ಗೆ ಏನನ್ನಾದರೂ ಸೂಚಿಸುವ ಹೇಳಿಕೆಯನ್ನು ಮೊಕದ್ದಮೆಯ ಪಕ್ಷಗಾರನೋ ಅವನ ಏಜೆಂಟನೋ ಕೊಟ್ಟಿದ್ದರೆ, 15 ಮತ್ತು 16ನೇ ಸೆಕ್ಷನ್‌ಗಳಂತೆ ಅದು ಒಪ್ಪಿಗೆ. ಬಾಯಿಮಾತಾಗಿರಬಹುದು, ಬರಹವಾಗಿರಬಹುದು, ಮೊಬೈಲಿನಲ್ಲಿ ಕಳಿಸಿದ ಸಂದೇಶವೂ ಆಗಿರಬಹುದು. ‘ಆ ಗದ್ದೆಯನ್ನು ನಾನು ಗೇಣಿಗೆ ಮಾಡುತ್ತಿದ್ದೇನೆ, ಅದು ನನ್ನದಲ್ಲ’ ಎಂದು ಒಬ್ಬ ತಹಶೀಲ್ದಾರರಿಗೆ ಬರೆದುಕೊಟ್ಟಿದ್ದರೆ, ಮುಂದೆ ಅದೇ ಗದ್ದೆಯ ಒಡೆತನಕ್ಕೆ ದಾವೆ ಹೂಡಿದಾಗ ಎದುರಾಳಿ ಆ ಕಾಗದವನ್ನು ಅವನ ವಿರುದ್ಧ ಹಾಜರುಪಡಿಸಬಹುದು. ಯಾರೂ ತನಗೆ ಕೇಡಾಗುವ ಸುಳ್ಳನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ ಎಂಬ ಅನುಭವದ ಮಾತು ಇದರ ಬುಡದಲ್ಲಿದೆ. ಆದ್ದರಿಂದಲೇ ತನಗೆ ಅನುಕೂಲವಾದ ತನ್ನ ಹಳೆಯ ಮಾತನ್ನು ತಾನೇ ತಂದು ತೋರಿಸಲು 19ನೇ ಸೆಕ್ಷನ್ ಸಾಮಾನ್ಯವಾಗಿ ಬಿಡುವುದಿಲ್ಲ, ಬಿಡುವುದು ಕೆಲವು ಅಪವಾದಗಳಲ್ಲಿ ಮಾತ್ರ.

ಒಪ್ಪಿಗೆಯ ತೂಕದ ಬಗ್ಗೆ ಪರೀಕ್ಷಾರ್ಥಿಗಳು ಎರಡು ಕಡೆಗೂ ಜಾರುತ್ತಾರೆ. ಒಪ್ಪಿಕೊಂಡ ಮೇಲೆ ಮುಗಿಯಿತು ಎಂದು ಕೆಲವರು ಬರೆಯುತ್ತಾರೆ. 25ನೇ ಸೆಕ್ಷನ್ ಹೇಳುವುದು ಬೇರೆ: ಒಪ್ಪಿಗೆ ನಿರ್ಣಾಯಕ ಪುರಾವೆಯಲ್ಲ, ತಪ್ಪಾಗಿ ಒಪ್ಪಿಕೊಂಡೆ ಎಂದು ವಿವರಿಸಲು ಅವಕಾಶವಿದೆ. ಅದನ್ನು ನಂಬಿ ಇನ್ನೊಬ್ಬ ತನ್ನ ನೆಲೆ ಬದಲಿಸಿಕೊಂಡಿದ್ದರೆ ಮಾತ್ರ ಅದು ಕಟ್ಟಿಹಾಕಬಹುದು. ಇನ್ನು ಕೆಲವರು ಒಪ್ಪಿಗೆ ಬರೀ ಸಾಕ್ಷಿಯನ್ನು ಅಲ್ಲಗಳೆಯುವ ಸಾಧನವೆಂದು ತಿಳಿದಿರುತ್ತಾರೆ. ಅದೂ ತಪ್ಪು. 1966ರ ಭರತ್ ಸಿಂಗ್ ತೀರ್ಪಿನ ಪ್ರಕಾರ ಒಪ್ಪಿಗೆ ಸ್ವತಃ ಮೂಲ ಸಾಕ್ಷ್ಯ. ಹೇಳಿದವನು ಸಾಕ್ಷಿಕಟ್ಟೆ ಹತ್ತದಿದ್ದರೂ, ಹತ್ತಿದಾಗ ಅದನ್ನು ಅವನಿಗೆ ತೋರಿಸಿ ಕೇಳದಿದ್ದರೂ ಅದು ನಿಲ್ಲುತ್ತದೆ.

ತಪ್ಪೊಪ್ಪಿಗೆಯೂ ಒಂದು ಬಗೆಯ ಒಪ್ಪಿಗೆಯೇ. ಎಲ್ಲ ತಪ್ಪೊಪ್ಪಿಗೆಗಳೂ ಒಪ್ಪಿಗೆಗಳು, ಎಲ್ಲ ಒಪ್ಪಿಗೆಗಳು ತಪ್ಪೊಪ್ಪಿಗೆಗಳಲ್ಲ. ತಪ್ಪೊಪ್ಪಿಗೆಯ ವ್ಯಾಖ್ಯೆ ಯಾವ ಸೆಕ್ಷನ್ನಿನಲ್ಲಿದೆ ಎಂಬ ಪ್ರಶ್ನೆ ಬಂದರೆ ಯಾವುದರಲ್ಲೂ ಇಲ್ಲ ಎನ್ನುವುದೇ ಉತ್ತರ. ವ್ಯಾಖ್ಯೆ ಬಂದದ್ದು ಪಕಾಲ ತೀರ್ಪಿನಿಂದಲೇ: ಅಪರಾಧವನ್ನು ನೇರವಾಗಿ, ಇಲ್ಲವೇ ಅಪರಾಧವಾಗಲು ಬೇಕಾದ ಬಹುತೇಕ ಎಲ್ಲ ಸಂಗತಿಗಳನ್ನು ಒಪ್ಪಿಕೊಂಡಿರಬೇಕು. ‘ಆ ಚಾಕು ನನ್ನದೇ, ಮೊನ್ನೆವರೆಗೂ ನನ್ನ ಹತ್ತಿರವೇ ಇತ್ತು’ ಎಂಬುದು ಆರೋಪಿಯನ್ನು ಎಷ್ಟೇ ಇಕ್ಕಟ್ಟಿಗೆ ಸಿಲುಕಿಸಿದರೂ ತಪ್ಪೊಪ್ಪಿಗೆಯಲ್ಲ. ‘ಹೊಡೆದೆ, ಆದರೆ ಅವನೇ ಮೊದಲು ಮಚ್ಚು ಬೀಸಿದ’ ಎಂಬುದೂ ಅಲ್ಲ, ಏಕೆಂದರೆ ಆತ್ಮರಕ್ಷಣೆ ನಿಂತರೆ ಅಪರಾಧವೇ ಇಲ್ಲ.

ಈ ಗೆರೆ ಏಕೆ ಮುಖ್ಯವೆಂದರೆ, ಪೊಲೀಸರ ಮುಂದೆ ಹೇಳಿದ್ದನ್ನು ತಡೆಯುವ 23ನೇ ಸೆಕ್ಷನ್ (ಹಳೆಯ 25 ಮತ್ತು 26) ಹೇಳುವುದು ತಪ್ಪೊಪ್ಪಿಗೆಯ ಬಗ್ಗೆ ಮಾತ್ರ. ಹಾಗಾದರೆ ಪೊಲೀಸರೆದುರು ಆರೋಪಿ ಆಡಿದ, ತಪ್ಪೊಪ್ಪಿಗೆಯಲ್ಲದ ಮಾತುಗಳೆಲ್ಲ ಒಳಗೆ ಬರುತ್ತವೆಯೇ? ಚುರುಕಾದ ವಿದ್ಯಾರ್ಥಿಗಳೇ ಇಲ್ಲಿ ಬೀಳುತ್ತಾರೆ. ಪಕಾಲ ಪ್ರಕರಣದಲ್ಲಿ ಆರೋಪಿ ಬಂಧನಕ್ಕೆ ಮುನ್ನ ಪೊಲೀಸರಿಗೆ, ಸತ್ತವನು ತನ್ನ ಮನೆಗೆ ಬಂದದ್ದು ಹೌದು, ರಾತ್ರಿ ಹೊರಗಿನ ಕೋಣೆಯಲ್ಲಿ ಮಲಗಿದ್ದ, ಮರುದಿನ ಸಂಜೆ ರೈಲಿಗೆ ಹೊರಟುಹೋದ ಎಂದಿದ್ದ. ಇದು ತಪ್ಪೊಪ್ಪಿಗೆಯಲ್ಲ, ಹಾಗಾಗಿ ಸಾಕ್ಷ್ಯ ಕಾಯ್ದೆಯ ಅಡ್ಡಿಯಿಲ್ಲ. ಆದರೂ ಪ್ರಿವಿ ಕೌನ್ಸಿಲ್ ಅದನ್ನು ಹೊರಗಿಟ್ಟಿತು. ಕಾರಣ ಸಿಕ್ಕಿದ್ದು ದಂಡ ಪ್ರಕ್ರಿಯಾ ಸಂಹಿತೆಯ 162ನೇ ಸೆಕ್ಷನ್ನಿನಲ್ಲಿ. ತನಿಖೆಯ ವೇಳೆ ಯಾವುದೇ ವ್ಯಕ್ತಿ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಅದು ತಡೆಯುತ್ತದೆ, ಆ ‘ಯಾವುದೇ ವ್ಯಕ್ತಿ’ಯಲ್ಲಿ ಮುಂದೆ ಆರೋಪಿಯಾಗುವವನೂ ಸೇರುತ್ತಾನೆ. ಇವತ್ತು ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181. ಸಾಕ್ಷ್ಯದ ಪ್ರಶ್ನೆಗೆ ಉತ್ತರ ಸಾಕ್ಷ್ಯ ಕಾಯ್ದೆಯಲ್ಲೇ ಇರಬೇಕೆಂದಿಲ್ಲ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬಂದರೆ, ಅದು ಸ್ವಂತ ಇಚ್ಛೆಯಿಂದ ಬಂದದ್ದೇ ಅಲ್ಲವೇ ಎಂದು ಕಾಯ್ದೆ ವಿಚಾರಿಸುವುದೇ ಇಲ್ಲ. ಬಿಹಾರದ ಅಘ್ನು ನಗೇಸಿಯಾ ನಾಲ್ವರನ್ನು ಕೊಂದು, ತಾನಾಗಿಯೇ ಠಾಣೆಗೆ ನಡೆದುಹೋಗಿ ದೂರು ಬರೆಸಿದ್ದ. ಯಾರೂ ಹೊಡೆದಿರಲಿಲ್ಲ, ಕರೆದಿರಲೂ ಇಲ್ಲ. ಅದು ಪ್ರಥಮ ವರ್ತಮಾನ ವರದಿ, ಅದರಲ್ಲಿನ ಹಗೆತನ, ಸಿದ್ಧತೆಗಳ ಭಾಗವನ್ನಾದರೂ ಬಿಡಿಸಿ ಬಳಸಬಹುದಲ್ಲ ಎಂಬ ವಾದವಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಪ್ಪೊಪ್ಪಿಗೆ ಇಡಿಯಾಗಿ ಒಂದು, ಅದರ ಎಳೆ ಎಳೆಯೂ ಹೊರಗೇ, ಪತ್ತೆಗೆ ದಾರಿಯಾದ ಭಾಗವೊಂದನ್ನು ಬಿಟ್ಟು. ಪೊಲೀಸ್ ಅಧಿಕಾರಿ ಎಂದರೆ ಖಾಕಿ ತೊಟ್ಟವರೇ ಆಗಬೇಕಿಲ್ಲ. ಮಾದಕ ವಸ್ತು ಕಾಯ್ದೆಯಡಿ ತನಿಖೆಯ ಅಧಿಕಾರ ಪಡೆದ ಅಧಿಕಾರಿಗಳೂ ಈ ಮಾತಿಗೆ ಪೊಲೀಸರೇ ಎಂದು 2020ರ ತೂಫಾನ್ ಸಿಂಗ್ ತೀರ್ಪಿನ ಬಹುಮತ ಹೇಳಿದೆ.

ಪೊಲೀಸರಲ್ಲದವರ ಮುಂದೆ ಹೇಳಿದ್ದಾದರೆ 22ನೇ ಸೆಕ್ಷನ್ ನೋಡಬೇಕು. ಅಧಿಕಾರವುಳ್ಳ ವ್ಯಕ್ತಿಯ ಆಮಿಷ, ಬೆದರಿಕೆ, ಭರವಸೆಗಳಿಂದ ಹುಟ್ಟಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಹೊಸ ಕಾಯ್ದೆ ಈ ಸಾಲಿಗೆ ಬಲಾತ್ಕಾರವನ್ನೂ ಸೇರಿಸಿದೆ. ಆಮಿಷ ಲೌಕಿಕವಾದದ್ದಾಗಿರಬೇಕು, ಆ ಆರೋಪಕ್ಕೇ ಸಂಬಂಧಿಸಿರಬೇಕು. ‘ದೇವರ ಮುಂದೆ ನಿಜ ಹೇಳಪ್ಪ, ಪಾಪ ಕಳೆಯುತ್ತೆ’ ಎಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಅದೇ ಸೆಕ್ಷನ್ನಿನ ಎರಡನೇ ಪರಂತುಕ ಅನೇಕರನ್ನು ಬೆರಗಾಗಿಸುತ್ತದೆ: ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟು ಹೇಳಿಸಿದ್ದರೂ, ಮೋಸದಿಂದ ಬಾಯಿ ಬಿಡಿಸಿದ್ದರೂ, ಕುಡಿದ ಅಮಲಿನಲ್ಲಿ ಬಡಬಡಿಸಿದ್ದರೂ ತಪ್ಪೊಪ್ಪಿಗೆ ಅಷ್ಟರಿಂದಲೇ ಅಸಂಗತವಾಗುವುದಿಲ್ಲ. ಎಚ್ಚರಿಕೆ ಕೊಡಲಿಲ್ಲ ಎಂಬ ಕಾರಣವೂ ಸಾಲದು. ಆದರೆ ಇದನ್ನೇ ಮ್ಯಾಜಿಸ್ಟ್ರೇಟರಿಗೂ ಅನ್ವಯಿಸಿ ಬರೆದರೆ ಅಂಕ ಹೋಯಿತು. ಸುರಕ್ಷಾ ಸಂಹಿತೆಯ 183ರಡಿ ದಾಖಲಿಸುವ ಮ್ಯಾಜಿಸ್ಟ್ರೇಟರು, ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧ ಬಳಕೆಯಾಗಬಹುದು ಎಂದು ಮೊದಲೇ ತಿಳಿಸಲೇಬೇಕು.

ತಪ್ಪೊಪ್ಪಿಗೆಯನ್ನು ಯಾರಿಗಾದರೂ ಹೇಳಿರಲೇಬೇಕೆಂಬ ನಿಯಮವೂ ಇಲ್ಲ. 1966ರ ಸಾಹೂ ಪ್ರಕರಣದಲ್ಲಿ ಸೊಸೆಯನ್ನು ಕೊಂದ ಆರೋಪ ಹೊತ್ತವನು, ಅವಳನ್ನು ಮುಗಿಸಿದೆ, ಜಗಳವೂ ಮುಗಿಯಿತು ಎಂಬರ್ಥದಲ್ಲಿ ತನ್ನಷ್ಟಕ್ಕೆ ಗೊಣಗುತ್ತಿದ್ದುದು ಬೇರೆಯವರ ಕಿವಿಗೆ ಬಿದ್ದಿತ್ತು. ಅದು ತಪ್ಪೊಪ್ಪಿಗೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಇಂಥ ಗೊಣಗಾಟದಲ್ಲಿ ಯಾವ ಪದ ಕೇಳಿಸಿತು, ಯಾವುದು ಕೇಳಿಸಲಿಲ್ಲ ಎಂಬುದು ಸ್ಪಷ್ಟವಾಗಿರಬೇಕು ಎಂಬ ಎಚ್ಚರಿಕೆಯೂ ಅದರ ಜೊತೆಗಿದೆ.

ಇನ್ನು ಪತ್ತೆಯ ವಿಷಯ. ಹಳೆಯ 27ನೇ ಸೆಕ್ಷನ್ ಈಗ 23ಕ್ಕೆ ಪರಂತುಕವಾಗಿ ಕುಳಿತಿದೆ. ಪೊಲೀಸ್ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ಸ್ಪಷ್ಟವಾಗಿ ಸಂಬಂಧಿಸಿದಷ್ಟು ಮಾತನ್ನು ಸಾಬೀತು ಮಾಡಬಹುದು. ಕರ್ನಾಟಕದ ದೋಷಾರೋಪ ಪಟ್ಟಿಗಳಲ್ಲಿ ‘ಸ್ವ ಇಚ್ಛಾ ಹೇಳಿಕೆ’ ಎಂಬ ತಲೆಬರಹದಡಿ ಬರುವುದು ಇದೇ. ಅಂಥದೊಂದು ಹೇಳಿಕೆ ಹೀಗಿದೆ ಎಂದುಕೊಳ್ಳೋಣ: ‘ನಾನು ಮತ್ತು ನನ್ನ ಭಾವ ಸೇರಿ ಶನಿವಾರ ರಾತ್ರಿ ಅವನನ್ನು ಮಚ್ಚಿನಿಂದ ಹೊಡೆದು ಕೊಂದೆವು. ಕೊಲೆಗೆ ಬಳಸಿದ ಮಚ್ಚನ್ನು ನಮ್ಮ ತೋಟದ ಪಂಪ್‌ಹೌಸ್ ಹಿಂದಿನ ಗೊಬ್ಬರದ ಗುಂಡಿಯಲ್ಲಿ ನಾನು ಹೂತಿಟ್ಟಿರುತ್ತೇನೆ. ನನ್ನನ್ನು ಕರೆದುಕೊಂಡು ಹೋದಲ್ಲಿ ಜಾಗ ತೋರಿಸಿ ಮಚ್ಚನ್ನು ಹಾಜರುಪಡಿಸುತ್ತೇನೆ.’ ಪಂಚರ ಸಮಕ್ಷಮ ಮಹಜರು ನಡೆದು ಮಚ್ಚು ಸಿಕ್ಕಿತು. ಈಗ ಎಷ್ಟು ಉಳಿಯುತ್ತದೆ?

ಮೊದಲ ವಾಕ್ಯ ಪೂರ್ತಿ ಹೋಗುತ್ತದೆ, ಯಾಕೆಂದರೆ ಗುಂಡಿಯಲ್ಲಿ ಸಿಕ್ಕಿದ್ದಕ್ಕೂ ಕೊಂದ ಕಥೆಗೂ ಪತ್ತೆಯ ನಂಟಿಲ್ಲ. ಎರಡನೆಯದರಲ್ಲಿ ‘ಕೊಲೆಗೆ ಬಳಸಿದ’ ಎಂಬ ಎರಡು ಪದಗಳು ಹೋಗುತ್ತವೆ. ಅದು ವಸ್ತುವಿನ ಹಿಂದಿನ ಚರಿತ್ರೆ, ಗುಂಡಿ ಅಗೆದರೆ ಸಿಗುವಂಥದ್ದಲ್ಲ. ಉಳಿಯುವುದು ಹೂತಿಟ್ಟ ಮಾತು, ತೋರಿಸುತ್ತೇನೆಂಬ ಮಾತು. ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಮೊಕದ್ದಮೆಯಲ್ಲಿ (ವರದಿಯಾದದ್ದು 1947ರಲ್ಲಿ) ಮಾಡಿದ್ದು ಹೀಗೆಯೇ. ಕೆರೆಯ ಮೂಲೆಯಲ್ಲಿ ಹೊಂಚು ಹಾಕಿ ಹೊಡೆದು ಸಾಯಿಸಿದ ಕಥೆಯನ್ನೆಲ್ಲ ತೆಗೆದುಹಾಕಿ, ಈಟಿಯನ್ನೂ ತನ್ನ ಕೋಲನ್ನೂ ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ ಎಂಬಷ್ಟನ್ನು ಉಳಿಸಿಕೊಂಡಿತು. ಪತ್ತೆಯಾಗುವ ‘ಸಂಗತಿ’ ಎಂದರೆ ಬರೀ ಮಚ್ಚಲ್ಲ. ಅದು ಇದ್ದ ಜಾಗ, ಅಲ್ಲಿದೆ ಎಂಬ ಆರೋಪಿಯ ತಿಳಿವಳಿಕೆ, ಇವೂ ಸೇರಿಯೇ ಸಂಗತಿ. ಆದಕಾರಣ ಜಾಗ ಪೊಲೀಸರಿಗೆ ಮೊದಲೇ ಗೊತ್ತಿದ್ದರೆ ಪತ್ತೆಯೇ ಇಲ್ಲ. ಮಹಜರಿನ ವೇಳೆಗೆ ಗುಂಡಿ ಆಗಲೇ ಅಗೆದಿತ್ತೆಂದು ಪಂಚನೊಬ್ಬ ಪಾಟೀ ಸವಾಲಿನಲ್ಲಿ ಬಾಯಿಬಿಟ್ಟರೆ ಈ ಪುರಾವೆ ಕುಸಿಯುತ್ತದೆ. ಎಲ್ಲ ಸರಿಯಿದ್ದರೂ ಸಾಬೀತಾಗುವುದು ಮಚ್ಚು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು ಎಂಬುದಷ್ಟೇ. ಅದರಿಂದಲೇ ಕೊಲೆಯಾಯಿತು ಎನ್ನಲು ರಕ್ತದ ಗುರುತು, ಗಾಯದ ಸ್ವರೂಪ ಮುಂತಾದ ಬೇರೆ ಪುರಾವೆ ಬೇಕು.

ಮಾಹಿತಿಯನ್ನು ಬಲವಂತದಿಂದ ಕಕ್ಕಿಸಿದ್ದಾದರೆ ಸಂವಿಧಾನದ 20(3)ನೇ ವಿಧಿ ಅಡ್ಡ ಬರುತ್ತದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆರೋಪಿಯೇ ಒಪ್ಪಿ ಪರೀಕ್ಷೆಗೆ ಒಳಗಾದರೆ, ಮಂಪರಿನಲ್ಲಿ ಅವನು ಹೇಳಿದ್ದು ಆಗಲೂ ಸಾಕ್ಷ್ಯವಲ್ಲ, ಅದರ ನೆರವಿನಿಂದ ಮುಂದೆ ಪತ್ತೆಯಾದದ್ದು ಮಾತ್ರ 27ರಡಿ ಬರಬಹುದು. ಈ ಎರಡು ಹಂತಗಳನ್ನು ಒಂದಾಗಿಸಿ ಬರೆಯುವುದು ತೀರಾ ಸಾಮಾನ್ಯ.

ಮೇಲಿನ ಹೇಳಿಕೆಯಲ್ಲಿದ್ದ ಭಾವನ ಗತಿ? ಪೊಲೀಸರ ಮುಂದೆ ಹೇಳಿದ್ದಾದ್ದರಿಂದ ಆ ಭಾಗ ಹೇಳಿದವನ ವಿರುದ್ಧವೇ ನಿಲ್ಲುವುದಿಲ್ಲ, ಭಾವನ ವಿರುದ್ಧವಂತೂ ಇಲ್ಲವೇ ಇಲ್ಲ. ಅದನ್ನೇ ಮ್ಯಾಜಿಸ್ಟ್ರೇಟರ ಮುಂದೆ ಕ್ರಮಬದ್ಧವಾಗಿ ಹೇಳಿದ್ದರೆ 24ನೇ ಸೆಕ್ಷನ್ (ಹಳೆಯ 30) ತೆರೆದುಕೊಳ್ಳುತ್ತದೆ. ಅದಕ್ಕೆ ಇಬ್ಬರ ವಿಚಾರಣೆಯೂ ಒಂದೇ ಅಪರಾಧಕ್ಕೆ, ಒಟ್ಟಿಗೇ ನಡೆಯುತ್ತಿರಬೇಕು, ಹೇಳಿದವನು ತನ್ನನ್ನೂ ಸಿಲುಕಿಸಿಕೊಂಡಿರಬೇಕು. ಒಬ್ಬ ತಲೆಮರೆಸಿಕೊಂಡಿದ್ದರೂ ವಿಚಾರಣೆ ಜಂಟಿಯೇ ಎಂದು ಹೊಸ ಕಾಯ್ದೆಯ ವಿವರಣೆ ಸೇರಿಸಿದೆ. ಆಗಲೂ ನ್ಯಾಯಾಲಯ ಅದನ್ನು ‘ಪರಿಗಣಿಸಬಹುದು’ ಅಷ್ಟೆ. 1952ರ ಕಾಶ್ಮೀರಾ ಸಿಂಗ್, 1964ರ ಹರಿಚರಣ್ ಕುರ್ಮಿ ತೀರ್ಪುಗಳು ಕ್ರಮವನ್ನು ನಿಗದಿ ಮಾಡಿವೆ: ಮೊದಲು ಭಾವನ ವಿರುದ್ಧ ಇರುವ ಬೇರೆ ಸಾಕ್ಷ್ಯವನ್ನು ತೂಗಬೇಕು, ಅದು ಶಿಕ್ಷೆಗೆ ಸಾಕೆನಿಸಿದರೂ ಮನಸ್ಸು ಅಳುಕುತ್ತಿದ್ದರೆ ಆಮೇಲೆ ಈ ತಪ್ಪೊಪ್ಪಿಗೆಯತ್ತ ನೋಡಬಹುದು. ಬೇರೆ ಸಾಕ್ಷ್ಯವೇ ಇಲ್ಲದಿದ್ದರೆ ಅವನು ಬಿಡುಗಡೆಯಾಗುತ್ತಾನೆ. ಅದೇ ಆರೋಪಿ ಕ್ಷಮಾದಾನ ಪಡೆದು ಮಾಫಿ ಸಾಕ್ಷಿಯಾಗಿ ಕಟ್ಟೆ ಹತ್ತಿ ಪ್ರಮಾಣ ಮಾಡಿ ಹೇಳಿದರೆ, ಪಾಟೀ ಸವಾಲಿಗೂ ಸಿಕ್ಕರೆ, ಅದು 138ನೇ ಸೆಕ್ಷನ್ನಿನ ಸಹಾಪರಾಧಿ ಸಾಕ್ಷ್ಯವಾಗಿ ಪೂರ್ಣ ಸಾಕ್ಷ್ಯದ ಸ್ಥಾನ ಪಡೆಯುತ್ತದೆ, ಪೂರಕ ಪುರಾವೆ ಹುಡುಕುವ ಎಚ್ಚರಿಕೆಯೊಂದಿಗೆ.